ಬಾಸ್ಟನ್ನಿನ ಮೊಮ್ಮಗನಿಗೆ ಅಜ್ಜಿ ಬರೆದ ಯುಗಾದಿ ಪತ್ರ: ಲೆಕ್ಕ ತಪ್ಪಿದ್ದು ಎಲ್ಲಿ?

ತೀರ್ಥಹಳ್ಳಿಯ ಮಗಳು (31 ಮಾರ್ಚ್ 2025)

ಎಲ್ಲರಿಗೂ ನಮಸ್ಕಾರ, ಹೊಸ ವಿಶ್ವಾವಸು ಸಂವತ್ಸರದ ಶುಭಾಶಯಗಳು. ನಮ್ಮ ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಕಲಿಸಿದವರು. ಮನೆಯ ಪಂಚಾಂಗವನ್ನು ಇಂದಿಗೂ ಅವರೇ ನೋಡುತ್ತಾರೆ. ನನ್ನ ಮಗ ಬಾಸ್ಟನ್ನಿನಲ್ಲಿ ಮೊದಲ ವರ್ಷದ ಕಾಲೇಜು ಓದುತ್ತಿದ್ದಾನೆ. ಅವನು ಹುಟ್ಟಿದ್ದು 2006ರ ಮಾರ್ಚ್ 30ರಂದು, ಯುಗಾದಿ ಹಬ್ಬದ ದಿನವೇ. ಈ ವರ್ಷ ಇಲ್ಲಿ ಹಬ್ಬ ಮತ್ತೆ ಮಾರ್ಚ್ 30ಕ್ಕೆ ಬಂದಿತೆಂದು ಅವನಿಗೆ ಎಲ್ಲಿಲ್ಲದ ಸಂತೋಷ. ಆದರೆ ಅಜ್ಜಿ ಫೋನಿನಲ್ಲಿ, "ನಿನಗೆ ಹಬ್ಬ ಶನಿವಾರ, 29ಕ್ಕೆ" ಎಂದುಬಿಟ್ಟರು. ಏಕೆ ಎಂದು ಅವನು ಹಟ ಹಿಡಿದಾಗ, ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲವೆಂದು ಮೂರು ಪುಟದ ಪತ್ರ ಬರೆದರು. ನಾನು ಅದರ ಚಿತ್ರ ತೆಗೆದು ಕಳುಹಿಸಿದೆ. ನಡುವಿನ ಭಾಗವನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ.

"ಪುಟ್ಟಾ, ಕಳೆದ ವರ್ಷ ಏಪ್ರಿಲ್ 9ಕ್ಕೆ ಬಂದ ಹಬ್ಬ ಈ ವರ್ಷ ಮಾರ್ಚಿಗೆ ಹೇಗೆ ಬಂದಿತು ಎಂಬುದನ್ನು ಮೊದಲು ಹೇಳುತ್ತೇನೆ. ನಮ್ಮ ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ, ಕೆಲವೊಮ್ಮೆ 355. ನಿಮ್ಮ ಕ್ಯಾಲೆಂಡರಿಗೆ 365. ಆದ್ದರಿಂದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಸರಿಯುತ್ತಲೇ ಹೋದರೆ ಬೇವು ಹೂ ಬಿಡದ ಕಾಲದಲ್ಲಿ ಬೇವು-ಬೆಲ್ಲ ತಿನ್ನಬೇಕಾಗುತ್ತದೆ. ಹಾಗಾಗಬಾರದೆಂದು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತೇವೆ, ಹಬ್ಬ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು, ಆದ್ದರಿಂದಲೇ ಆ ವರ್ಷ ಮಾರ್ಚ್ 22ಕ್ಕಿದ್ದ ಯುಗಾದಿ ಮರುವರ್ಷ ಏಪ್ರಿಲ್ 9ಕ್ಕೆ ಹೋಯಿತು.

ಇನ್ನು ನಿನಗೇಕೆ ಶನಿವಾರ ಎಂಬುದು. ನೀನು ಚಿಕ್ಕವನಿದ್ದಾಗ ತಾತನ ಜೊತೆ ಕೆರೆಯ ಸುತ್ತ ನಡೆಯುತ್ತಿದ್ದುದು ನೆನಪಿದೆಯೇ? ತಾತ ನಿಧಾನ, ನೀನು ಓಡುತ್ತಿದ್ದೆ. ಒಂದು ಸುತ್ತು ಮುಗಿಸಿ ಬಂದು ಹಿಂದಿನಿಂದ ತಾತನನ್ನು ಹಿಡಿಯುತ್ತಿದ್ದೆ, ಮತ್ತೆ ಮುಂದೆ ಓಡುತ್ತಿದ್ದೆ. ತಾತ ಸೂರ್ಯ, ನೀನು ಚಂದ್ರ. ನೀನು ತಾತನನ್ನು ಹಿಡಿದ ಕ್ಷಣ ಅಮಾವಾಸ್ಯೆ ಮುಗಿಯಿತು, ಪಾಡ್ಯ ಹುಟ್ಟಿತು. ತಾತನಿಗಿಂತ 12 ಡಿಗ್ರಿ ಮುಂದೆ ಹೋದಾಗ ಪಾಡ್ಯ ಮುಗಿದು ಬಿದಿಗೆ. ಈ ಹಿಡಿಯುವ ಕ್ಷಣ ಲೋಕಕ್ಕೆಲ್ಲ ಒಂದೇ. ಏರಿಯ ಮೇಲೆ ನಿಂತು ನೋಡಿದವರಿಗೂ ತೂಬಿನ ಬಳಿ ನಿಂತವರಿಗೂ ನೀನು ತಾತನನ್ನು ಹಿಡಿದದ್ದು ಒಂದೇ ಹೊತ್ತಿಗೆ ಅಲ್ಲವೇ? ಆದರೆ ಸೂರ್ಯ ಹುಟ್ಟುವುದು ಊರೂರಿಗೆ ಬೇರೆ. ಹಬ್ಬಕ್ಕೆ ನಾವು ನೋಡುವುದು, ಸೂರ್ಯ ಹುಟ್ಟುವಾಗ ಯಾವ ತಿಥಿ ಇತ್ತು ಎಂಬುದನ್ನು. ನಮ್ಮಲ್ಲಿ ಅಮಾವಾಸ್ಯೆ ಶನಿವಾರ ಸಂಜೆ 4 ಗಂಟೆ 28 ನಿಮಿಷಕ್ಕೆ ಮುಗಿಯುತ್ತದೆ. ಅಂದು ಬೆಳಿಗ್ಗೆ ಸೂರ್ಯ ಹುಟ್ಟಿದ್ದು ಅಮಾವಾಸ್ಯೆಯಲ್ಲಿ, ಆದ್ದರಿಂದ ನಮಗೆ ಹಬ್ಬ ಭಾನುವಾರ. ನಿಮಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ನಮ್ಮ 4:28 ಎಂದರೆ ನಿಮಗೆ ಅದೇ ದಿನ ಬೆಳಿಗ್ಗೆ 5:58. ಅಲ್ಲಿ ಶನಿವಾರ ಸೂರ್ಯ 6:33ಕ್ಕೆ ಹುಟ್ಟುತ್ತಾನೆಂದು ನೀನೇ ನೋಡಿ ಹೇಳಿದೆ. ಸೂರ್ಯ ಹುಟ್ಟುವಾಗ ಪಾಡ್ಯ ಬಂದು ಅರ್ಧ ಗಂಟೆ ಆಗಿರುತ್ತದೆ. ನಿನಗೆ ಹಬ್ಬ ಶನಿವಾರ."

ಪತ್ರ ಓದಿದಾಗ ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದೆ. ಶನಿವಾರ ಮಗನಿಂದ ಸಂದೇಶ ಬಂದಿತು: "ಅಮ್ಮ, ಇವತ್ತು ಇಲ್ಲಿ ಸೂರ್ಯ ಗ್ರಹಣ ಹಿಡಿದುಕೊಂಡೇ ಹುಟ್ಟಿದ್ದಾನೆ, ಏಳು ಗಂಟೆಯ ನಂತರ ಬಿಟ್ಟಿತು. ಸೂರ್ಯಗ್ರಹಣ ಅಮಾವಾಸ್ಯೆಗೆ ಮಾತ್ರ ಆಗುತ್ತದೆ ಎಂದು ಅಜ್ಜಿಯೇ ಹೇಳಿಕೊಟ್ಟಿದ್ದು. 5:58ಕ್ಕೇ ಅಮಾವಾಸ್ಯೆ ಮುಗಿದಿದ್ದರೆ ಗ್ರಹಣ ಹೇಗೆ?" ಅಮ್ಮ ಎರಡು ದಿನದಿಂದ ಪಂಚಾಂಗ ಹಿಡಿದು ಕುಳಿತಿದ್ದಾರೆ. ಲೆಕ್ಕ ಎಲ್ಲಿ ತಪ್ಪಿತು? ಅವನು ಮಾಡಬೇಕಾದದ್ದು ಯಾವ ದಿನ?

ಹಾಸನದ ಗುಮಾಸ್ತ

ಇದರಲ್ಲಿ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇನಿದೆ ಅಕ್ಕ? ಅಮೆರಿಕ ನಮಗಿಂತ ಹಿಂದೆ ಇರುವ ದೇಶ. ನಮ್ಮಲ್ಲಿ ಭಾನುವಾರ ಬೆಳಗಾದಾಗ ಅವರಿಗೆ ಶನಿವಾರ ರಾತ್ರಿ. ಆದ್ದರಿಂದ ಅಲ್ಲಿನ ಹಬ್ಬ ಯಾವಾಗಲೂ ನಮ್ಮ ಹಬ್ಬಕ್ಕಿಂತ ಒಂದು ದಿನ ಮೊದಲು. ಅಜ್ಜಿಯವರು ಹೇಳಿದ್ದೇ ಸರಿ.

ಗಳಿಗೆ ಬಟ್ಟಲು

"ಯಾವಾಗಲೂ" ಎಂಬ ಮಾತನ್ನು ಒಪ್ಪಲಾಗದು. ಕಳೆದ ವರ್ಷವನ್ನೇ ನೋಡಿ. ಅಮಾವಾಸ್ಯೆ ಮುಗಿದದ್ದು 2024ರ ಏಪ್ರಿಲ್ 8ರ ರಾತ್ರಿ ನಮ್ಮ ಗಡಿಯಾರದಲ್ಲಿ 11:51ಕ್ಕೆ, ಬಾಸ್ಟನ್ನಿನಲ್ಲಿ ಅದೇ ದಿನ ಮಧ್ಯಾಹ್ನ 2:21ಕ್ಕೆ. ಎರಡೂ ಕಡೆ ಪಾಡ್ಯವನ್ನು ಕಂಡ ಮೊದಲ ಸೂರ್ಯೋದಯ ಏಪ್ರಿಲ್ 9ರದ್ದೇ. ಹಬ್ಬ ಎರಡೂ ಕಡೆ ಒಂದೇ ತಾರೀಖು. ತಿಥಿ ಬದಲಾಗುವ ಕ್ಷಣ ಆಯಾ ಊರಿನ ಸೂರ್ಯೋದಯದ ಯಾವ ಬದಿಗೆ ಬೀಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಮ್ಮೆ ಒಂದೇ ದಿನ, ಒಮ್ಮೆ ಬೇರೆ ದಿನ.

ಇನ್ನು ಮೂಲ ಪ್ರಶ್ನೆಗೆ. ಅಜ್ಜಿಯವರ ವಿವರಣೆಯಲ್ಲಿ ಒಂದೇ ಒಂದು ಕಲ್ಲು ಸಿಕ್ಕಿದೆ, ಅದು ಹತ್ತೂವರೆ ಗಂಟೆ. ಅಮೆರಿಕದ ಪೂರ್ವ ತೀರಕ್ಕೂ ನಮಗೂ ಹತ್ತೂವರೆ ಗಂಟೆ ಅಂತರವಿರುವುದು ಚಳಿಗಾಲದಲ್ಲಿ ಮಾತ್ರ. ಈ ವರ್ಷ ಮಾರ್ಚ್ 9ರಂದು ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಾರೆ. ಅಂದಿನಿಂದ ಅಂತರ ಒಂಬತ್ತೂವರೆ. ಸಂಜೆ 4:28 ಎಂದರೆ ಬಾಸ್ಟನ್ನಿನಲ್ಲಿ ಬೆಳಿಗ್ಗೆ 6:58, 5:58 ಅಲ್ಲ. ಆದರೆ ಮೊಮ್ಮಗ ಫೋನಿನಲ್ಲಿ ನೋಡಿ ಹೇಳಿದ 6:33 ಹೊಸ ಗಡಿಯಾರದ ಹೊತ್ತು. ಅಜ್ಜಿ ತಿಥಿಯನ್ನು ಹಳೆಯ ಗಡಿಯಾರದಲ್ಲಿಟ್ಟು ಸೂರ್ಯನನ್ನು ಹೊಸ ಗಡಿಯಾರದಲ್ಲಿಟ್ಟರು. ಸೇರು ಒಂದು ಕಡೆ, ಕಿಲೋ ಇನ್ನೊಂದು ಕಡೆ ಇಟ್ಟು ತೂಗಿದಂತಾಯಿತು.

ಎರಡನ್ನೂ ಒಂದೇ ಗಡಿಯಾರದಲ್ಲಿಟ್ಟರೆ ಶನಿವಾರ ಸೂರ್ಯ ಹುಟ್ಟಿದ್ದು 6:33ಕ್ಕೆ, ಪಾಡ್ಯ ಬಂದದ್ದು 6:58ಕ್ಕೆ. ಸೂರ್ಯ ಹುಟ್ಟುವಾಗ ಇನ್ನೂ ಅಮಾವಾಸ್ಯೆ, ಇಪ್ಪತ್ತೈದು ನಿಮಿಷ ಬಾಕಿ ಇತ್ತು. ಗ್ರಹಣಕ್ಕೂ ಲೆಕ್ಕಕ್ಕೂ ಜಗಳವಿಲ್ಲ.

ಎರಡೇ ಮಾತು

ಹಾಗಾದರೆ ಹಬ್ಬ ಭಾನುವಾರ. ಮುಗಿಯಿತು.

ಗಳಿಗೆ ಬಟ್ಟಲು

ಮುಗಿದಿಲ್ಲ. ನಿಜವಾದ ತೊಡಕು ಇಲ್ಲಿಂದ ಶುರು. ಪಾಡ್ಯ ಮುಗಿದದ್ದು ನಮ್ಮಲ್ಲಿ ಭಾನುವಾರ ಮಧ್ಯಾಹ್ನ 12:49ಕ್ಕೆ. ಬಾಸ್ಟನ್ನಿನಲ್ಲಿ ಅದು ಭಾನುವಾರ ನಸುಕಿನ 3:19. ಭಾನುವಾರ ಅಲ್ಲಿ ಸೂರ್ಯ ಹುಟ್ಟಿದ್ದು 6:31ರ ಸುಮಾರಿಗೆ. ಅಷ್ಟರಲ್ಲಿ ಬಿದಿಗೆ ಬಂದು ಮೂರು ಗಂಟೆಯಾಗಿತ್ತು. ಶನಿವಾರದ ಸೂರ್ಯ ಕಂಡದ್ದು ಅಮಾವಾಸ್ಯೆಯನ್ನು, ಭಾನುವಾರದ ಸೂರ್ಯ ಕಂಡದ್ದು ಬಿದಿಗೆಯನ್ನು. ನಡುವೆ ಪಾಡ್ಯ ಹುಟ್ಟಿ ಸತ್ತದ್ದು ಯಾವ ಸೂರ್ಯೋದಯಕ್ಕೂ ತಿಳಿಯಲೇ ಇಲ್ಲ. ಇದನ್ನೇ ಕ್ಷಯ ತಿಥಿ ಎನ್ನುತ್ತೇವೆ. ನಮ್ಮಲ್ಲಿ ಉದಯಕ್ಕೆ ಸಿಕ್ಕ ಪಾಡ್ಯ ಬಾಸ್ಟನ್ನಿನಲ್ಲಿ ಕ್ಷಯವಾಯಿತು.

ಇಂತಹ ಸಂದರ್ಭಕ್ಕೆಂದೇ ನಿರ್ಣಯವಿದೆ. ಚೈತ್ರ ಶುದ್ಧ ಪಾಡ್ಯ ಎರಡು ದಿನ ಉದಯಕ್ಕೆ ಸಿಕ್ಕರೂ, ಎರಡೂ ದಿನ ಸಿಗದೇ ಹೋದರೂ ಮೊದಲ ದಿನವನ್ನೇ ಹಿಡಿಯಬೇಕೆಂದು ಧರ್ಮಸಿಂಧು ಹೇಳುತ್ತದೆ. ಆದ್ದರಿಂದ ಬಾಸ್ಟನ್ನಿಗೆ ಹಬ್ಬ ಶನಿವಾರ, ಮಾರ್ಚ್ 29. ಅಜ್ಜಿಯವರ ಉತ್ತರ ಸರಿ, ದಾರಿ ತಪ್ಪು.

ತೀರ್ಥಹಳ್ಳಿಯ ಮಗಳು

ಇದನ್ನು ಅಮ್ಮನಿಗೆ ಈಗಷ್ಟೇ ಓದಿ ಹೇಳಿದೆ. ಮೊದಲು ಒಂದು ನಿಮಿಷ ಸುಮ್ಮನಿದ್ದರು. ನಂತರ, "ಗಡಿಯಾರವನ್ನು ತಿರುಗಿಸುವ ದೇಶವೂ ಒಂದಿದೆಯೇ" ಎಂದರು. ಉತ್ತರ ಸರಿ ಬಂದದ್ದಕ್ಕೆ ಸಂತೋಷವೇ ಇಲ್ಲ ಅವರಿಗೆ. ದಾರಿ ತಪ್ಪಿದ್ದರೆ ಮಕ್ಕಳಿಗೂ ತಾನು ಅಂಕ ಕೊಡುತ್ತಿರಲಿಲ್ಲವಂತೆ.

ಲಂಡನ್ನಿನ ಕನ್ನಡತಿ

ನಾವು ಇಲ್ಲಿ 30ಕ್ಕೆ ಮಾಡಿದೆವು. ಅಮೆರಿಕಕ್ಕೆ 29, ನಮಗೆ 30 ಏಕೆಂದು ನನಗೂ ಗೊಂದಲವಿತ್ತು. ಮೇಲಿನ ರೀತಿಯಲ್ಲೇ ಲೆಕ್ಕ ಹಾಕಿದೆ. ಇಲ್ಲಿ ಪಾಡ್ಯ ಶನಿವಾರ ಬೆಳಿಗ್ಗೆ 10:58ಕ್ಕೆ ಬಂದು ಭಾನುವಾರ ಬೆಳಿಗ್ಗೆ 8:19ರವರೆಗೆ ಇತ್ತು. ಭಾನುವಾರ ಸೂರ್ಯ ಹುಟ್ಟಿದ್ದು 6:40ರ ಹೊತ್ತಿಗೆ, ಹಾಗಾಗಿ ಉದಯಕ್ಕೆ ಪಾಡ್ಯ ಸಿಕ್ಕಿತು. ನಮ್ಮ ಗಡಿಯಾರ ಮುಂದೆ ಹೋದದ್ದು ಅದೇ ಭಾನುವಾರ ನಸುಕಿನಲ್ಲಿ. ಒಂದೇ ತಿಥಿಯ ಆರಂಭವನ್ನು ಹಳೆಯ ಗಡಿಯಾರದಲ್ಲಿ, ಅಂತ್ಯವನ್ನು ಹೊಸ ಗಡಿಯಾರದಲ್ಲಿ ಓದಬೇಕಾಯಿತು. ಅಜ್ಜಿಯವರು ನಮ್ಮೂರಿಗೆ ಪತ್ರ ಬರೆದಿದ್ದರೆ ಇನ್ನೂ ಬೈಯುತ್ತಿದ್ದರು.

ಕರಾವಳಿಗ

ಈ ರಗಳೆಯೇ ಬೇಡವೆಂದು ನಮ್ಮ ಹಿರಿಯರು ಸೌರಮಾನ ಹಿಡಿದರು. ತುಳುನಾಡಿನ ಬಿಸು ಪರ್ಬ ನೋಡಿ, ಏಪ್ರಿಲ್ 14 ಇಲ್ಲವೇ 15. ಕಣಿ ಇಡುವುದು, ಹಿರಿಯರಿಗೆ ನಮಸ್ಕಾರ ಮಾಡುವುದು, ಎಲ್ಲವೂ ನಿಶ್ಚಿತ ದಿನಕ್ಕೆ. ತಿಥಿಯ ಕ್ಷಯವೂ ಇಲ್ಲ, ಅಧಿಕ ಮಾಸವೂ ಇಲ್ಲ. ಸೂರ್ಯನನ್ನು ನಂಬಿದವರಿಗೆ ತಾರೀಖು ಎಂದಿಗೂ ಬದಲಾಗುವುದಿಲ್ಲ.

ಗಳಿಗೆ ಬಟ್ಟಲು

ಬದಲಾಗುತ್ತದೆ, ಆದರೆ ನಿಮ್ಮ ಕಣ್ಣಿಗೆ ಬೀಳದಷ್ಟು ನಿಧಾನವಾಗಿ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅಂದು ಮಕರ ಸಂಕ್ರಾಂತಿ. ಇಂದು ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ. ನಮ್ಮ ಸೌರವರ್ಷವನ್ನು ಅಳೆಯುವುದು ನಕ್ಷತ್ರಗಳಿಂದ. ಇಂಗ್ಲಿಷ್ ಕ್ಯಾಲೆಂಡರ್ ಹಿಡಿದಿರುವುದು ಋತುಗಳನ್ನು. ಇವೆರಡರ ನಡುವೆ ವರ್ಷಕ್ಕೆ ಇಪ್ಪತ್ತು ನಿಮಿಷದಷ್ಟು ವ್ಯತ್ಯಾಸವಿದೆ, ಎಪ್ಪತ್ತು ವರ್ಷ ಕಳೆದರೆ ಅದೇ ಒಂದು ದಿನವಾಗುತ್ತದೆ. ನಿಮ್ಮ ಬಿಸುವೂ ಇದೇ ಗಾಡಿಯಲ್ಲಿ ಕುಳಿತಿದೆ.

ಕರಾವಳಿಗ

ಎಪ್ಪತ್ತು ವರ್ಷಕ್ಕೆ ಒಂದು ದಿನ! ಅಷ್ಟನ್ನು ನಾವು ಸಹಿಸಿಕೊಳ್ಳುತ್ತೇವೆ ಬಿಡಿ.

ನ್ಯೂಜೆರ್ಸಿಯ ಸೊಸೆ

ನಮ್ಮ ಮನೆಯಲ್ಲಿ ಇದೇ ಕಾರಣಕ್ಕೆ ಅತ್ತೆಯವರಿಗೂ ನನಗೂ ಮಾತುಕತೆ ಬಿಸಿಯಾಯಿತು. ಇಲ್ಲಿ ಸೂರ್ಯ ಹುಟ್ಟುವುದು ಬಾಸ್ಟನ್ನಿಗಿಂತ ಹತ್ತು ಹನ್ನೆರಡು ನಿಮಿಷ ತಡ, 6:45ರ ಸುಮಾರಿಗೆ. ಆದರೂ 6:58ಕ್ಕಿಂತ ಮೊದಲೇ. ಎಂದರೆ ನಮಗೂ ಕ್ಷಯವೇ. ಸೂರ್ಯ ಗ್ರಹಣ ಹಿಡಿದೇ ಹುಟ್ಟಿದ ದಿನ, ಸೂತಕವಿರುವಾಗ ಎಣ್ಣೆ ಹಚ್ಚಿಕೊಳ್ಳುವುದು ಹೇಗೆ, ಒಲೆ ಹಚ್ಚುವುದು ಹೇಗೆ ಎಂಬುದು ಅತ್ತೆಯವರ ಪ್ರಶ್ನೆ. ಹತ್ತಿರದ ದೇವಸ್ಥಾನದವರು ಪಂಚಾಂಗ ಶ್ರವಣವನ್ನು ಭಾನುವಾರಕ್ಕೆ ಇಟ್ಟಿದ್ದರು, ಹೀಗಾಗಿ ಅತ್ತೆಯವರ ಮಾತಿಗೆ ಬಲ ಬಂದಿತು.

ಕೊನೆಗೆ ನಾನು ಮಾಡಿದ್ದು ಹೀಗೆ. ಗ್ರಹಣ ಬಿಡುವವರೆಗೆ, ಅಂದರೆ ಏಳು ಗಂಟೆ ದಾಟುವವರೆಗೆ, ಒಲೆಯ ಕಡೆ ಹೋಗಲಿಲ್ಲ. ಬಿಟ್ಟ ಮೇಲೆ ಮೋಕ್ಷದ ಸ್ನಾನ. ನಂತರ ಮಕ್ಕಳನ್ನು ಎಬ್ಬಿಸಿ ಎಣ್ಣೆನೀರು ಹಾಕಿ, ಎಂಟೂವರೆಗೆ ದೇವರ ಮುಂದೆ ಬೇವು-ಬೆಲ್ಲ ಇಟ್ಟೆ. ಆಗ ಪಾಡ್ಯ ಬಂದು ಒಂದೂವರೆ ಗಂಟೆಯಾಗಿತ್ತು. ಬೇವಿನ ಹೂವು ಇಲ್ಲಿ ಸಿಗುವುದಿಲ್ಲ, ಭಾರತೀಯ ಅಂಗಡಿಯಲ್ಲಿ ಸಿಕ್ಕ ಒಣ ಎಲೆಯನ್ನೇ ಪುಡಿ ಮಾಡಿದೆ. ಒಬ್ಬಟ್ಟು ಮಾತ್ರ ಭಾನುವಾರ ಮಾಡಿದೆ, ಅತ್ತೆಯವರ ಮನಸ್ಸಿಗೂ ನೋವಾಗಬಾರದಲ್ಲ.

ಧಾರವಾಡದ ಹಳೆಯ ಕೊಡೆ

ಗಳಿಗೆ ಬಟ್ಟಲು ಅವರ ಲೆಕ್ಕದಲ್ಲೇ ನನಗೆ ಆಕ್ಷೇಪವಿದೆ. ನೀವು ಹೇಳಿದಂತೆ ಪಾಡ್ಯ ಶನಿವಾರ 4:28ರಿಂದ ಭಾನುವಾರ 12:49ರವರೆಗೆ, ಒಟ್ಟು 20 ಗಂಟೆ 21 ನಿಮಿಷ. ಗಳಿಗೆಯಲ್ಲಿ ಹೇಳಿದರೆ 51ಕ್ಕೂ ಸ್ವಲ್ಪ ಕಡಿಮೆ. ನಮ್ಮ ತಂದೆ ಹೇಳುತ್ತಿದ್ದ ಮಾತು "ಬಾಣವೃದ್ಧಿ, ರಸಕ್ಷಯ". ತಿಥಿ 60 ಗಳಿಗೆಗಿಂತ ಹಿಗ್ಗಿದರೆ ಹೆಚ್ಚೆಂದರೆ ಐದು, ಕುಗ್ಗಿದರೆ ಹೆಚ್ಚೆಂದರೆ ಆರು. 54 ಗಳಿಗೆಗಿಂತ ಚಿಕ್ಕ ತಿಥಿ ಇರಲು ಸಾಧ್ಯವಿಲ್ಲ. ಐವತ್ತೊಂದು ಗಳಿಗೆಯ ತಿಥಿಯನ್ನು ಮುಂದಿಟ್ಟುಕೊಂಡು ಕ್ಷಯವೆಂದು ತೀರ್ಪು ಕೊಡುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ದೃಗ್ಗಣಿತದವರು ಆಕಾಶವನ್ನು ಅಳೆಯಲಿ, ವ್ರತ ಹಬ್ಬಗಳಿಗೆ ಸಿದ್ಧಾಂತದ ಲೆಕ್ಕವೇ ಪ್ರಮಾಣ.

ಗಳಿಗೆ ಬಟ್ಟಲು

ಈ ಮಾತು ಬರಬಹುದೆಂದು ಕಾಯುತ್ತಿದ್ದೆ. ಬಾಣವೃದ್ಧಿ ರಸಕ್ಷಯ ಎಂಬುದು ಸೂರ್ಯಸಿದ್ಧಾಂತದ ಲೆಕ್ಕದಿಂದ ಬರುವ ಮಿತಿ, ಅದರಲ್ಲಿ ಚಂದ್ರನ ವೇಗ ಒಂದು ಹದವನ್ನು ಮೀರುವುದಿಲ್ಲ. ನಿಜವಾದ ಚಂದ್ರ ಮೀರುತ್ತಾನೆ. ಈ ಮಾರ್ಚ್ 30ರಂದು ಅವನು ಭೂಮಿಗೆ ಅತಿ ಹತ್ತಿರದ ಬಿಂದುವಿನಲ್ಲಿದ್ದ, ಆದ್ದರಿಂದ ಅತಿ ವೇಗದಲ್ಲಿ ಓಡುತ್ತಿದ್ದ. ಅಜ್ಜಿಯವರ ಮಾತಿನಲ್ಲಿ ಹೇಳುವುದಾದರೆ ಹುಡುಗ ಅಂದು ಕೆರೆಯ ಏರಿಯ ಮೇಲೆ ಜೋರಾಗಿಯೇ ಓಡಿದ. 12 ಡಿಗ್ರಿ ದಾಟಲು ಅವನಿಗೆ ಇಪ್ಪತ್ತು ಗಂಟೆ ಚಿಲ್ಲರೆ ಸಾಕಾಯಿತು.

ಆದರೂ ಯಾವುದು ಪ್ರಮಾಣ ಎಂಬ ಜಗಳ ನೂರು ವರ್ಷಕ್ಕೂ ಹಳೆಯದು, ಇಲ್ಲಿ ಬಗೆಹರಿಯದು. ನಿಮ್ಮ ಮಾತನ್ನೇ ಒಪ್ಪಿ ಲೆಕ್ಕ ಹಾಕೋಣ. ಪಾಡ್ಯಕ್ಕೆ 54 ಗಳಿಗೆ, ಅಂದರೆ 21 ಗಂಟೆ 36 ನಿಮಿಷ ಕೊಡಿ. ಬಾಸ್ಟನ್ನಿನಲ್ಲಿ 6:58ಕ್ಕೆ ಹುಟ್ಟಿದ ಪಾಡ್ಯ ಭಾನುವಾರ ನಸುಕಿನ 4:34ಕ್ಕೆ ಮುಗಿಯುತ್ತದೆ. ಸೂರ್ಯ ಹುಟ್ಟಲು ಇನ್ನೂ ಎರಡು ಗಂಟೆಯಿದೆ. ಇನ್ನು ಪಾಡ್ಯದ ಆರಂಭವೇ ನಿಮ್ಮ ಲೆಕ್ಕದಲ್ಲಿ ಅರ್ಧ ಗಂಟೆ ಮುಂಚೆ ಬಂದರೆ ಶನಿವಾರದ ಉದಯಕ್ಕೇ ಪಾಡ್ಯ ಸಿಕ್ಕಿತು, ಆಗಲೂ ಶನಿವಾರ. ಅರ್ಧ ಗಂಟೆ ತಡವಾದರೆ ಕ್ಷಯ, ಆಗಲೂ ಶನಿವಾರ. ಭಾನುವಾರಕ್ಕೆ ಹೋಗಬೇಕಾದರೆ ಗಂಟೆಗಟ್ಟಲೆ ವ್ಯತ್ಯಾಸ ಬೇಕು. ಅಷ್ಟಮಿಯ ಆಸುಪಾಸಿನಲ್ಲಿ ಎರಡು ಪಂಚಾಂಗಗಳ ನಡುವೆ ಅಷ್ಟು ಅಂತರ ಬಂದೀತು, ಅಮಾವಾಸ್ಯೆಯ ಬಳಿ ಅದು ಸಾಮಾನ್ಯವಾಗಿ ತೀರ ಕಡಿಮೆ.

ಧಾರವಾಡದ ಹಳೆಯ ಕೊಡೆ

ತಾರೀಖು ಒಪ್ಪಿದೆ. ಪ್ರಮಾಣ ಒಪ್ಪಿಲ್ಲ.

ಮಂಡ್ಯದ ಮಾವ

ತಾಯಿ, ಹುಡುಗನ ಹುಟ್ಟುಹಬ್ಬ ಯಾವಾಗ ಎಂಬುದು ತಾನೇ ಪ್ರಶ್ನೆ? ಹುಟ್ಟುಹಬ್ಬವನ್ನು ತಿಥಿಯ ಪ್ರಕಾರ ಮಾಡುವುದಾದರೆ ಪಾಡ್ಯಕ್ಕೆ ಮಾಡಿ, ತಾರೀಖಿನ ಪ್ರಕಾರವಾದರೆ 30ಕ್ಕೆ ಮಾಡಿ. ನಮ್ಮ ಮೊಮ್ಮಗಳಿಗೆ ನಾವು ಎರಡೂ ಮಾಡುತ್ತೇವೆ. ಎರಡು ಸಲ ಉಡುಗೊರೆ ಸಿಗುತ್ತದೆಂದು ಅವಳೇ ಪಂಚಾಂಗ ಓದುವುದನ್ನು ಕಲಿತಿದ್ದಾಳೆ.

ತೀರ್ಥಹಳ್ಳಿಯ ಮಗಳು

ಪ್ರಶ್ನೆ ಅದಲ್ಲ ಮಾವ, ಆದರೆ ನೀವು ಕೇಳಿದ್ದರಿಂದ ನನಗೂ ಒಂದು ಕುತೂಹಲ ಹುಟ್ಟಿತು. ಹತ್ತೊಂಬತ್ತು ವರ್ಷ ತುಂಬಿದ ದಿನವೇ ಹಬ್ಬವೂ ಅದೇ ತಾರೀಖಿಗೆ ಬಂದದ್ದು ಬರೀ ಆಕಸ್ಮಿಕವೇ?

ಗಳಿಗೆ ಬಟ್ಟಲು

ಅಲ್ಲ. 19 ಸೌರವರ್ಷಗಳೂ 235 ಚಾಂದ್ರಮಾಸಗಳೂ ಹೆಚ್ಚುಕಡಿಮೆ ಸಮ, ಎರಡು ಗಂಟೆಯ ಆಚೀಚೆ. ಹತ್ತೊಂಬತ್ತು ವರ್ಷಕ್ಕೆ 228 ಮಾಸಗಳಾಗಬೇಕು, ಉಳಿದ ಏಳೇ ಅಧಿಕ ಮಾಸಗಳು. ಅದಕ್ಕೇ ನಿಮ್ಮ ಮಗ ಹುಟ್ಟಿದಾಗ 2006ರ ಮಾರ್ಚ್ 29ರಂದು ಸೂರ್ಯಗ್ರಹಣ ಹಿಡಿದು ಮರುದಿನ ಯುಗಾದಿ ಬಂದಿತ್ತು, ಈಗಲೂ ಮಾರ್ಚ್ 29ರಂದೇ ಗ್ರಹಣ. ಅಂದಿನದು ಲಿಬಿಯಾ, ಟರ್ಕಿಯ ಕಡೆ ಪೂರ್ಣಗ್ರಹಣವಾಗಿತ್ತು. ನಿಮ್ಮ ಹುಟ್ಟಿದ ದಿನದ ತಿಥಿ ನಿಮಗೆ 19, 38, 57 ತುಂಬಿದಾಗ ಅದೇ ತಾರೀಖಿಗೆ ಬರುತ್ತದೆಯೇ ಎಂದು ಯಾರು ಬೇಕಾದರೂ ನೋಡಿಕೊಳ್ಳಬಹುದು. ಒಂದು ದಿನ ಅತ್ತಿತ್ತ ಆದರೆ ನನ್ನನ್ನು ಕೇಳಬೇಡಿ.

ಶಿವಮೊಗ್ಗದ ನೆರೆಯವ

ಇದೇ ಚಂದ್ರ ನಮ್ಮ ರಂಜಾನ್ ಹಬ್ಬವನ್ನೂ ತಂದನು. ಸೌದಿಯಲ್ಲಿರುವ ನನ್ನ ತಮ್ಮನಿಗೆ ಈದ್ ನಿನ್ನೆ, ನಮಗೆ ಇಂದು. ನಾವು ಚಂದ್ರ ಸೂರ್ಯನನ್ನು ಹಿಡಿದ ಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸಂಜೆ ಪಡುವಣದಲ್ಲಿ ಕಣ್ಣಿಗೆ ಕಾಣಬೇಕು. ನಿನ್ನೆ ಸಂಜೆ ಮನೆಯ ಮಾಳಿಗೆ ಹತ್ತಿ ಎಲ್ಲರೂ ನೋಡಿದೆವು. ನಮ್ಮಲ್ಲಿ ಅಧಿಕ ಮಾಸವಿಲ್ಲವಾದ್ದರಿಂದ ಹಬ್ಬ ಮಳೆಗಾಲ, ಚಳಿಗಾಲ ಎಲ್ಲವನ್ನೂ ಸುತ್ತಿ ಬರುತ್ತದೆ. ಅಜ್ಜಿಯವರು ಹೇಳಿದ ಹನ್ನೊಂದು ದಿನದ ಹಿಂಸರಿತ ನಮ್ಮಲ್ಲಿ ನಿಲ್ಲುವುದೇ ಇಲ್ಲ.

ಎರಡೇ ಮಾತು

ಗ್ರಹಣ ಇದ್ದಿತು ಎಂದ ಮೇಲೆ ಅಮಾವಾಸ್ಯೆ ಇದ್ದೇ ಇದ್ದಿತು ಎಂದು ಹುಡುಗ ಒಂದೇ ಸಾಲಿನಲ್ಲಿ ಹೇಳಿದ್ದ. ಅದಕ್ಕೆ ಇಷ್ಟು ಪುಟ ಬೇಕಾಯಿತು.

ಗಳಿಗೆ ಬಟ್ಟಲು

ಹುಡುಗನ ಸಂಶಯ ಬೆಲೆಯುಳ್ಳದ್ದು, ಆದರೆ ಅದನ್ನೇ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಬಾಸ್ಟನ್ನಿನಲ್ಲಿ ಗ್ರಹಣ ಬಿಟ್ಟದ್ದು 7:07ರ ಹೊತ್ತಿಗೆ. ಪಾಡ್ಯ ಹುಟ್ಟಿದ್ದು 6:58ಕ್ಕೆ. ಎಂದರೆ ಪಾಡ್ಯ ಬಂದ ಮೇಲೂ ಕೆಲವು ನಿಮಿಷ ಅಲ್ಲಿ ಗ್ರಹಣವಿತ್ತು! ತಿಥಿಯನ್ನು ಎಣಿಸುವುದು ಭೂಮಿಯ ನಡುಮಧ್ಯದಲ್ಲಿ ನಿಂತು ನೋಡಿದಂತೆ. ಹುಡುಗ ನಿಂತದ್ದು ಭೂಮಿಯ ಅಂಚಿನ ಮೇಲೆ. ಚಂದ್ರ ಹತ್ತಿರದವನಾದ್ದರಿಂದ ಅಂಚಿನಿಂದ ನೋಡುವವನಿಗೆ ಸ್ವಲ್ಪ ಸರಿದು ಕಾಣುತ್ತಾನೆ. ಹಳೆಯ ಗಣಿತದವರು ಇದನ್ನು ಲಂಬನ ಎನ್ನುತ್ತಿದ್ದರು. ಬೆಳಗಿನ ಗ್ರಹಣ ಇದರಿಂದ ಮುಂಚೆ ಆಗುತ್ತದೆ, ಬಾಸ್ಟನ್ನಿನಲ್ಲಿ ಗ್ರಹಣದ ನಡುಹೊತ್ತು 6:38ಕ್ಕೇ ಬಂದದ್ದು ಹಾಗೆ. ಸಂಜೆಯ ಗ್ರಹಣವಾದರೆ ತಡವಾಗುತ್ತದೆ, ತಿಥಿ ಬದಲಾಗಿ ಗಂಟೆ ಕಳೆದ ಮೇಲೂ ಗ್ರಹಣ ಕಾಣಬಹುದು. ಆದ್ದರಿಂದ ಅಜ್ಜಿಯವರ 5:58 ತಪ್ಪೆಂದು ತೋರಿಸಿದ್ದು ಗಡಿಯಾರ, ಗ್ರಹಣವಲ್ಲ. ಗ್ರಹಣ ಕೇವಲ ಬಾಗಿಲು ತಟ್ಟಿತು.

ಕ್ಯಾಲಿಫೋರ್ನಿಯಾ ಕಟ್ಟೆ

ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದಾವ ತೊಡಕೂ ಇರಲಿಲ್ಲ. ಪಾಡ್ಯ ಶನಿವಾರ ನಸುಕಿನ 3:58ಕ್ಕೇ ಬಂದಿತ್ತು, ಸೂರ್ಯ ಹುಟ್ಟಿದ್ದು ಏಳಕ್ಕೆ ಹತ್ತಿರ. ಕ್ಷಯವೂ ಇಲ್ಲ, ಕಾಣುವ ಗ್ರಹಣವೂ ಇಲ್ಲ. ಆದರೂ ಇಲ್ಲಿನ ಅರ್ಧ ಜನ ಊರಿನಿಂದ ಬಂದ ಕ್ಯಾಲೆಂಡರ್ ನೋಡಿ ಭಾನುವಾರವೇ ಮಾಡಿದರು. ಊರಿನವರು ಹೋಳಿಗೆ ತಟ್ಟುವ ದಿನ ನಾವೂ ತಟ್ಟಬೇಕು, ತಿಥಿ ಯಾರಿಗೆ ಬೇಕು ಎಂಬುದು ನನ್ನ ಹೆಂಡತಿಯ ವಾದ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ನ್ಯೂಜೆರ್ಸಿಯ ಸೊಸೆ

ನಮ್ಮ ಅತ್ತೆಯವರದೂ ಅದೇ ವಾದ, ಆದರೆ ಅವರು ಅದಕ್ಕೆ ಶಾಸ್ತ್ರದ ಹೆಸರು ಹೇಳುತ್ತಾರೆ. ನಿಮ್ಮ ಹೆಂಡತಿಯೇ ಪ್ರಾಮಾಣಿಕರು.

ಹಾಸನದ ಗುಮಾಸ್ತ

ನನ್ನ "ಯಾವಾಗಲೂ" ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತು. ಇಂತಹ ಕ್ಷಯ ನಮ್ಮ ಊರಿನಲ್ಲೂ ಬರುತ್ತದೆಯೇ, ಅಥವಾ ಪರದೇಶಕ್ಕೆ ಹೋದವರಿಗೆ ಮಾತ್ರವೇ?

ಗಳಿಗೆ ಬಟ್ಟಲು

ಮುಂದಿನ ವರ್ಷವೇ ಬರುತ್ತದೆ. 2026ರ ಮಾರ್ಚ್ 19, ಗುರುವಾರ. ಅಮಾವಾಸ್ಯೆ ಮುಗಿಯುವುದು ಬೆಳಿಗ್ಗೆ 6:53ಕ್ಕೆ, ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6:25ರ ಸುಮಾರಿಗೆ. ಪಾಡ್ಯ ಮುಗಿಯುವುದು ಮರುದಿನ ನಸುಕಿನ 4:52ಕ್ಕೆ. ಎರಡು ಉದಯಗಳ ನಡುವೆ ಹುಟ್ಟಿ ಮುಗಿದುಹೋಗುತ್ತದೆ. ಈ ವರ್ಷ ಬಾಸ್ಟನ್ನಿನಲ್ಲಿ ಆದದ್ದೇ ಮುಂದಿನ ವರ್ಷ ನಮ್ಮಲ್ಲಿ, ಅಂತರವೂ ಹೆಚ್ಚುಕಡಿಮೆ ಅದೇ ಅರ್ಧ ಗಂಟೆ. ಹಬ್ಬ 19ಕ್ಕೇ, ಆದರೆ ಸೂರ್ಯ ಹುಟ್ಟುವಾಗ ಅಮಾವಾಸ್ಯೆ ಇರುತ್ತದೆ. ಎಣ್ಣೆನೀರನ್ನು ಎಂದಿನಂತೆ ನಸುಕಿನಲ್ಲೇ ಮಾಡುವುದೋ, 6:53 ದಾಟುವವರೆಗೆ ಕಾಯುವುದೋ ಎಂದು ಆಗ ಮನೆಮನೆಯಲ್ಲೂ ಚರ್ಚೆ ನಡೆಯುತ್ತದೆ ನೋಡುತ್ತಿರಿ. ಬಾಸ್ಟನ್ನಿನಲ್ಲಿ ಆ ಪಾಡ್ಯ ಹಿಂದಿನ ರಾತ್ರಿ 9:23ಕ್ಕೇ ಬಂದು ನಿರಾಳವಾಗಿ ಉದಯಕ್ಕೆ ಸಿಗುತ್ತದೆ. ಅಲ್ಲಿಯೂ 19ಕ್ಕೇ ಹಬ್ಬ.

ಧಾರವಾಡದ ಹಳೆಯ ಕೊಡೆ

ನಸುಕಿನಲ್ಲೇ ಎಣ್ಣೆನೀರು. ಇದರಲ್ಲಿ ಚರ್ಚೆಯೇ ಇಲ್ಲ.

ನ್ಯೂಜೆರ್ಸಿಯ ಸೊಸೆ

ಅಮಾವಾಸ್ಯೆಯಲ್ಲಿ ಎಣ್ಣೆ ಹಚ್ಚಿಕೊಳ್ಳುವುದೇ? ನಮ್ಮ ಅತ್ತೆಯವರನ್ನು ಇಲ್ಲಿಗೆ ಕರೆಯಲೇ?

ತೀರ್ಥಹಳ್ಳಿಯ ಮಗಳು

ದಯವಿಟ್ಟು ಬೇಡ, ನಮ್ಮ ಅಮ್ಮನೊಬ್ಬರೇ ಸಾಕು. ಎಲ್ಲರಿಗೂ ಧನ್ಯವಾದಗಳು. ಮಗ ಶನಿವಾರವೇ ಹಾಸ್ಟೆಲಿನ ಕೋಣೆಯಲ್ಲಿ ಬೆಲ್ಲದ ಚೂರೊಂದನ್ನು ತಿಂದಿದ್ದನಂತೆ, ಬೇವು ಇರಲಿಲ್ಲ. ಬೇವು ಇಲ್ಲದೆ ಬೆಲ್ಲ ಮಾತ್ರ ತಿಂದದ್ದಕ್ಕೆ ಅಜ್ಜಿಯ ಕೈಯಲ್ಲಿ ಬೇರೆಯದೇ ಬೈಗುಳ ತಿಂದ. ಅಮ್ಮ ಎರಡನೆಯ ಪತ್ರವನ್ನು ಆರಂಭಿಸಿದ್ದಾರೆ. ಅದಕ್ಕೆ ಮೊದಲು ಹೊಸ ಪಂಚಾಂಗದ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾರೆ: "ಪುಟ್ಟನ ಊರು. ನವೆಂಬರ್ 2ರವರೆಗೆ 9½, ಆಮೇಲೆ 10½."